‘ಹಿಂದಿರುಗಿಸಲಾಗಿದೆ’ ಸರಿ, ಹಿಂದಿರುಗಿಸಿದ್ದು ಯಾರು?

ಮೇಲಕ್ಕೆ ಹೋದ ಕಡತ ‘ಚರ್ಚಿಸಿ’ ಎಂಬ ಒಂದೇ ಪದ ಹೊತ್ತು ವಾಪಸ್ ಬರುವುದು ಸರ್ಕಾರಿ ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ವಿಷಯ ನಿರ್ವಾಹಕರು ಕಡತ ಹಿಡಿದುಕೊಂಡು ಅಧಿಕಾರಿಯ ಕೊಠಡಿಗೆ ಹೋಗುತ್ತಾರೆ. ಅಲ್ಲಿ ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ: ಇದನ್ನು ಮಾಡಿದ್ದು ಯಾರು, ಯಾವಾಗ? ಉತ್ತರ ಅದೇ ಕಡತದ ಪತ್ರವ್ಯವಹಾರದ ಭಾಗದಲ್ಲಿ ಇರುತ್ತದೆ. ಟಿಪ್ಪಣಿಯ ವಾಕ್ಯಕ್ಕೆ ಮಾತ್ರ ಬಂದಿರುವುದಿಲ್ಲ.

ಕಾರಣ, ನಾವು ಬರೆಯುವ ಕರ್ಮಣಿ ವಾಕ್ಯಗಳು. ‘ಪರಿಶೀಲಿಸಲಾಗಿದೆ’, ‘ಕಳುಹಿಸಲ್ಪಟ್ಟಿದೆ’, ‘ಕ್ರಮ ಕೈಗೊಳ್ಳಲಾಗಿರುತ್ತದೆ’. ಇಂಥ ವಾಕ್ಯದಲ್ಲಿ ಕೆಲಸ ಇದೆ, ಮಾಡಿದವರು ಇಲ್ಲ. ವ್ಯಾಕರಣದ ಪ್ರಕಾರ ತಪ್ಪೇನೂ ಇಲ್ಲ. ಆದರೆ ಟಿಪ್ಪಣಿ ಇರುವುದು ಒಬ್ಬರು ತೀರ್ಮಾನ ತೆಗೆದುಕೊಳ್ಳಲಿ ಎಂದು. ಯಾರು ಮಾಡಿದರು ಎನ್ನುವುದರ ಮೇಲೇ ತೀರ್ಮಾನ ನಿಂತಿದ್ದರೆ, ಅದನ್ನು ಬಿಟ್ಟ ವಾಕ್ಯ ಅರ್ಧ ವಾಕ್ಯವೇ ಅಲ್ವಾ?

ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ. ಪ್ರಕರಣವೂ ದಿನಾಂಕಗಳೂ ನಾನು ಕಲ್ಪಿಸಿಕೊಂಡಿದ್ದು. ಬರೆದಿರುವ ರೀತಿ ಮಾತ್ರ ದಿನಾ ಕಣ್ಣಿಗೆ ಬೀಳುವಂಥದ್ದು. ನೌಕರರೊಬ್ಬರು ಸೇವೆಯಲ್ಲಿದ್ದಾಗಲೇ ತೀರಿಕೊಂಡಿದ್ದಾರೆ. ಅವರ ಪತ್ನಿ ಅನುಕಂಪದ ಆಧಾರದ ಮೇಲೆ ಕೆಲಸ ಕೇಳಿದ್ದಾರೆ. ಇದಕ್ಕೆ 1996ರ ಕರ್ನಾಟಕ ಸಿವಿಲ್ ಸೇವಾ (ಅನುಕಂಪದ ಆಧಾರದ ಮೇಲೆ ನೇಮಕಾತಿ) ನಿಯಮಗಳಿವೆ. ನೌಕರರು ತೀರಿಕೊಂಡ ದಿನದಿಂದ ಒಂದು ವರ್ಷದೊಳಗೆ ಅವಲಂಬಿತರು ಅರ್ಜಿ ಸಲ್ಲಿಸಬೇಕು ಎನ್ನುವುದು ಅದರಲ್ಲಿರುವ ಮುಖ್ಯ ಷರತ್ತು. ಟಿಪ್ಪಣಿ ಹೀಗಿದೆ:

> ಸದರಿ ಮೃತ ನೌಕರರ ಪತ್ನಿಯವರಿಂದ ಅನುಕಂಪದ ಆಧಾರದ ಮೇಲೆ ನೇಮಕಾತಿ ಕೋರಿ ಅರ್ಜಿಯು ಸಲ್ಲಿಸಲ್ಪಟ್ಟಿದ್ದು, ಸದರಿ ಅರ್ಜಿಯೊಂದಿಗೆ ಅಗತ್ಯ ದಾಖಲೆಗಳು ಲಗತ್ತಿಸಲ್ಪಡದೇ ಇದ್ದ ಪ್ರಯುಕ್ತ ಹಿಂದಿರುಗಿಸಲಾಗಿದ್ದು, ತದನಂತರ ದಾಖಲೆಗಳೊಂದಿಗೆ ಮರುಸಲ್ಲಿಕೆ ಮಾಡಲಾಗಿದ್ದು, ನಿಗದಿತ ಕಾಲಮಿತಿಯೊಳಗೆ ಅರ್ಜಿಯು ಸ್ವೀಕೃತವಾಗಿರುವುದಿಲ್ಲವಾದ್ದರಿಂದ ಕೋರಿಕೆಯನ್ನು ಪರಿಗಣಿಸಲು ಅವಕಾಶವಿರುವುದಿಲ್ಲವೆಂದು ಅಭಿಪ್ರಾಯಪಡಲಾಗಿರುತ್ತದೆ.

ಒಂದೇ ವಾಕ್ಯ. ಓದಿದವರಿಗೆ ಉಳಿಯುವುದು ‘ಅರ್ಜಿ ತಡವಾಗಿ ಬಂದಿದೆ, ತಿರಸ್ಕರಿಸಬಹುದು’ ಎಂಬ ಭಾವನೆ. ಈಗ ಪ್ರತಿಯೊಂದು ಕ್ರಿಯಾಪದದ ಮುಂದೆ ‘ಯಾರು, ಯಾವಾಗ’ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ. ಸಲ್ಲಿಸಲ್ಪಟ್ಟಿದ್ದು: ಪತ್ನಿ ಸಲ್ಲಿಸಿದರು, ಆದರೆ ಯಾವ ಕಚೇರಿಗೆ, ಯಾವತ್ತು? ಹಿಂದಿರುಗಿಸಲಾಗಿದ್ದು: ಯಾರು ಹಿಂದಿರುಗಿಸಿದರು? ಮರುಸಲ್ಲಿಕೆ: ಯಾವತ್ತು? ಅಭಿಪ್ರಾಯಪಡಲಾಗಿರುತ್ತದೆ: ಯಾರ ಅಭಿಪ್ರಾಯ? ವಿಷಯ ನಿರ್ವಾಹಕರದೋ, ಅಧೀಕ್ಷಕರದೋ, ಕೆಳಗಿನ ಕಚೇರಿಯಿಂದ ಬಂದ ವರದಿಯದೋ?

ಗುರುತು ಹಾಕಿದ ಮೇಲೆ ಕಡತದ ಪುಟಗಳನ್ನು ತಿರುಗಿಸಬೇಕು. ನೌಕರರು ತೀರಿಕೊಂಡಿದ್ದು 12-03-2022ರಂದು. ಪತ್ನಿ ಮೊದಲು ಅರ್ಜಿ ಕೊಟ್ಟಿದ್ದು 20-01-2023ರಂದು, ತಾಲ್ಲೂಕು ಮಟ್ಟದ ಕಚೇರಿಗೆ. ವಂಶವೃಕ್ಷದ ಪ್ರತಿ ಇಲ್ಲ ಎಂದು ಆ ಕಚೇರಿಯೇ 04-02-2023ರಂದು ಅರ್ಜಿಯನ್ನು ವಾಪಸ್ ಕಳಿಸಿದೆ. ಆಕೆ ವಂಶವೃಕ್ಷ ಮಾಡಿಸಿಕೊಂಡು ಮತ್ತೆ ಕೊಟ್ಟಿದ್ದು 17-04-2023ರಂದು. ಅಷ್ಟರಲ್ಲಿ ವರ್ಷ ತುಂಬಿ ಒಂದು ತಿಂಗಳ ಮೇಲಾಗಿತ್ತು.

ಅಂದರೆ ಆಕೆ ಅವಧಿಯೊಳಗೇ ಬಂದಿದ್ದರು. ಅರ್ಜಿಯನ್ನು ಕಚೇರಿ ಇಟ್ಟುಕೊಂಡು ‘ಈ ದಾಖಲೆ ಒದಗಿಸಿ’ ಎಂದು ಪತ್ರ ಬರೆಯುವ ಬದಲು ಅರ್ಜಿಯನ್ನೇ ಹಿಂದಕ್ಕೆ ಕೊಟ್ಟಿದೆ. ಮೊದಲ ಸಲ್ಲಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೋ ಬೇಡವೋ ಎನ್ನುವುದು ಮೇಲಿನವರು ತೀರ್ಮಾನಿಸಬೇಕಾದ ನಿಜವಾದ ಪ್ರಶ್ನೆ. ಹಳೆಯ ವಾಕ್ಯದಲ್ಲಿ ಆ ಪ್ರಶ್ನೆಯೇ ಕಾಣುವುದಿಲ್ಲ. ಬರೆದವರಿಗೆ ಮುಚ್ಚಿಡುವ ಉದ್ದೇಶ ಇದ್ದಿರಲಾರದು. ‘ಹಿಂದಿರುಗಿಸಲಾಗಿದ್ದು’ ಎಂಬ ರೂಪ ಅಭ್ಯಾಸಬಲದಿಂದ ಕೈಗೆ ಬಂದಿದೆ, ಅಷ್ಟೆ. ಆದರೆ ಅದರ ಪರಿಣಾಮ ಬೀಳುವುದು ಒಂದು ಕುಟುಂಬದ ಮೇಲೆ.

ತಿದ್ದಿದ ಟಿಪ್ಪಣಿ ಇದು:

> 2. ಅರ್ಜಿದಾರರ ಪತಿ 12-03-2022ರಂದು ನಿಧನರಾಗಿದ್ದಾರೆ. ಅನುಕಂಪದ ಆಧಾರದ ಮೇಲೆ ನೇಮಕಾತಿ ಕೋರಿ ಅರ್ಜಿದಾರರು 20-01-2023ರಂದು ತಾಲ್ಲೂಕು ಕಚೇರಿಗೆ ಅರ್ಜಿ ಸಲ್ಲಿಸಿದ್ದಾರೆ (ಪುಟ 7).
>
> 3. ವಂಶವೃಕ್ಷದ ಪ್ರತಿ ಇಲ್ಲವೆಂಬ ಕಾರಣಕ್ಕೆ ತಾಲ್ಲೂಕು ಕಚೇರಿಯು 04-02-2023ರ ಪತ್ರದೊಂದಿಗೆ ಅರ್ಜಿಯನ್ನು ಹಿಂದಿರುಗಿಸಿದೆ (ಪುಟ 9). ಅರ್ಜಿದಾರರು 17-04-2023ರಂದು ವಂಶವೃಕ್ಷದೊಂದಿಗೆ ಅರ್ಜಿಯನ್ನು ಮತ್ತೆ ಸಲ್ಲಿಸಿದ್ದಾರೆ (ಪುಟ 11).
>
> 4. ನಿಯಮಗಳ ಪ್ರಕಾರ ನೌಕರರು ನಿಧನರಾದ ದಿನಾಂಕದಿಂದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು. ಮೊದಲ ಸಲ್ಲಿಕೆ ಈ ಅವಧಿಯೊಳಗಿದೆ. ಎರಡನೆಯದು ಅವಧಿ ಮುಗಿದ ನಂತರದ್ದು.
>
> 5. ಮೊದಲ ಸಲ್ಲಿಕೆಯ ದಿನಾಂಕವನ್ನು ಪರಿಗಣಿಸಿ ಅರ್ಜಿಯನ್ನು ಅಂಗೀಕರಿಸಬಹುದೇ ಎಂಬ ಬಗ್ಗೆ ಆದೇಶ ಕೋರಿ ಕಡತವನ್ನು ಸಲ್ಲಿಸಿದೆ.

ಅಧಿಕಾರಿ ಇದಕ್ಕೆ ‘ಹೌದು’ ಎನ್ನಲಿ, ‘ಇಲ್ಲ’ ಎನ್ನಲಿ, ಏನನ್ನು ತೀರ್ಮಾನಿಸುತ್ತಿದ್ದೇನೆ ಎಂದು ತಿಳಿದೇ ಸಹಿ ಹಾಕುತ್ತಾರೆ.

ಇಲ್ಲಿ ಜಾಸ್ತಿ ಜನ ಕೇಳುವ ಪ್ರಶ್ನೆ: ಹೀಗೆ ಬರೆದರೆ ಕಚೇರಿಯ ಘನತೆ ಕಡಿಮೆ ಆಗುವುದಿಲ್ಲವೇ? ತಿದ್ದಿದ ಟಿಪ್ಪಣಿಯನ್ನು ಇನ್ನೊಮ್ಮೆ ಓದಿ. ‘ನಾನು’ ಎಂಬ ಪದ ಎಲ್ಲೂ ಇಲ್ಲ. ‘ನಿಧನರಾಗಿದ್ದಾರೆ’, ‘ಸಲ್ಲಿಸಿದ್ದಾರೆ’ ಎಂಬ ಬಹುವಚನದಲ್ಲಿ ಗೌರವ ಇದೆ. ಕಚೇರಿಯ ಕೆಲಸಕ್ಕೆ ‘ಹಿಂದಿರುಗಿಸಿದೆ’ ಎಂಬ ನೇರ ರೂಪ ಇದೆ. ಕೊನೆಯ ‘ಸಲ್ಲಿಸಿದೆ’ ಅಂತೂ ನಮ್ಮ ಕಚೇರಿಗಳಲ್ಲಿ ಮೊದಲಿನಿಂದಲೂ ಬಳಕೆಯಲ್ಲಿರುವುದೇ. ‘ಪ್ರತಿಯನ್ನು ಲಗತ್ತಿಸಿದೆ’, ‘ಕರಡನ್ನು ಅನುಮೋದನೆಗೆ ಮಂಡಿಸಿದೆ’ ಎಂದು ನಾವು ಬರೆಯುತ್ತೇವಲ್ಲ, ಅದೇ ಜಾತಿ. ‘ನಾನು’ ಎನ್ನದೆ ನಮ್ಮ ಶಾಖೆಯ ಕೆಲಸ ಹೇಳಲು ಕನ್ನಡದಲ್ಲಿ ಇಷ್ಟು ಚೊಕ್ಕವಾದ ರೂಪ ಇರುವಾಗ ‘ಲಗತ್ತಿಸಲಾಗಿರುತ್ತದೆ’ ಎಂದು ಎಳೆಯುವುದು ಸುಮ್ನೆ ಹೊರೆ. ‘ಲಗತ್ತಿಸಲ್ಪಟ್ಟಿರುತ್ತದೆ’ ಇನ್ನೂ ಭಾರ.

ಆದರೆ ಒಂದು ಎಚ್ಚರ ಬೇಕು. ಕರ್ತೃ ಹೇಳದೆ ‘ಸಲ್ಲಿಸಿದೆ’, ‘ಪರಿಶೀಲಿಸಿದೆ’ ಎಂದರೆ ಅದು ಟಿಪ್ಪಣಿ ಬರೆಯುತ್ತಿರುವ ಶಾಖೆಯದೇ ಕೆಲಸ ಎಂದು ಓದುವವರು ತಿಳಿಯುತ್ತಾರೆ. ಬೇರೆ ಕಚೇರಿ ಮಾಡಿದ ಕೆಲಸವಾದರೆ ಆ ಕಚೇರಿಯ ಹೆಸರನ್ನೋ ಅಧಿಕಾರಿಯ ಪದನಾಮವನ್ನೋ ಹಾಕಲೇಬೇಕು.

ಹೆಸರಿಸಿದರೆ ಆರೋಪ ಹೊರಿಸಿದಂತೆ ಆಗುತ್ತದೆ ಎಂಬ ಹೆದರಿಕೆಯೂ ಇದೆ. ಕರ್ಮಣಿ ವಾಕ್ಯಗಳು ಇಷ್ಟು ಗಟ್ಟಿಯಾಗಿ ಉಳಿದಿರುವುದಕ್ಕೆ ಈ ಹೆದರಿಕೆಯೇ ದೊಡ್ಡ ಕಾರಣ ಎಂದು ನನಗೆ ಅನಿಸುತ್ತದೆ. ಇದಕ್ಕೆ ದಾರಿ ಇದೆ. ವ್ಯಕ್ತಿಯ ಹೆಸರು ಬೇಡ, ಕಚೇರಿ ಅಥವಾ ಪದನಾಮ ಸಾಕು. ಪಕ್ಕದಲ್ಲಿ ಪುಟ ಸಂಖ್ಯೆ ಕೊಡಿ. ‘ನಿರ್ಲಕ್ಷ್ಯದಿಂದ’, ‘ಅನಗತ್ಯವಾಗಿ’ ಎಂಬಂಥ ಮಾತು ಸೇರಿಸಬೇಡಿ. ‘ತಾಲ್ಲೂಕು ಕಚೇರಿಯು ಹಿಂದಿರುಗಿಸಿದೆ (ಪುಟ 9)’ ಎನ್ನುವುದು ಆರೋಪ ಅಲ್ಲ, ಕಡತದಲ್ಲಿ ಇರುವುದನ್ನು ತೋರಿಸಿದ್ದು. 2005ರ ಮಾಹಿತಿ ಹಕ್ಕು ಅಧಿನಿಯಮದ ಅಡಿಯಲ್ಲಿ ಅರ್ಜಿದಾರರು ಮುಂದೆ ಟಿಪ್ಪಣಿಯ ಪ್ರತಿಯನ್ನು ಕೇಳಬಹುದು. ಆಗ ಪುಟ ಸಂಖ್ಯೆ ಇರುವ ನೇರ ವಾಕ್ಯವೇ ಬರೆದವರನ್ನು ಕಾಪಾಡುತ್ತದೆ. ‘ಅಭಿಪ್ರಾಯಪಡಲಾಗಿರುತ್ತದೆ’ ಎಂದು ಬರೆದವರು, ಅದು ಯಾರ ಅಭಿಪ್ರಾಯ ಎಂದು ಆಮೇಲೆ ವಿವರಿಸಬೇಕಾಗುತ್ತದೆ.

ಕೆಲವು ಸಲ ಪುಟ ತಿರುಗಿಸಿದರೂ ಕರ್ತೃ ಸಿಗುವುದಿಲ್ಲ. ಅರ್ಜಿ ವಾಪಸ್ ಹೋಗಿದೆ, ಯಾರು ಕಳಿಸಿದರು ಎಂಬುದಕ್ಕೆ ಪತ್ರವೇ ಇಲ್ಲ. ಆಗ ಊಹಿಸಿ ಒಂದು ಕಚೇರಿಯ ಹೆಸರು ಹಾಕಬಾರದು. ಹಾಗೆಂದು ‘ಹಿಂದಿರುಗಿಸಲಾಗಿದೆ’ ಎಂದು ದಾಟಿಕೊಳ್ಳುವುದೂ ಸರಿಯಲ್ಲ. ‘ಅರ್ಜಿಯನ್ನು ಯಾರು ಹಿಂದಿರುಗಿಸಿದರೆಂಬುದು ಕಡತದಲ್ಲಿ ದಾಖಲಾಗಿಲ್ಲ’ ಎಂದು ಬರೆಯಿರಿ. ಮುಂದಿನ ಕಂಡಿಕೆಯಲ್ಲಿ, ಸಂಬಂಧಪಟ್ಟ ಕಚೇರಿಯಿಂದ ವರದಿ ತರಿಸಿಕೊಳ್ಳಲು ಅನುಮತಿ ಕೇಳಿ.

ಎಲ್ಲ ಕರ್ಮಣಿಯನ್ನೂ ಕಿತ್ತುಹಾಕಬೇಕಿಲ್ಲ. ‘ಈ ಕಟ್ಟಡವನ್ನು 1978ರಲ್ಲಿ ನಿರ್ಮಿಸಲಾಗಿದೆ’ ಎಂಬಲ್ಲಿ ಗುತ್ತಿಗೆದಾರರು ಯಾರೆಂಬುದು ಯಾರಿಗೂ ಬೇಡ. ಅಧಿಸೂಚನೆಯ ‘ಅರ್ಜಿಗಳನ್ನು ಆಹ್ವಾನಿಸಲಾಗಿದೆ’ ಕೂಡ ಸರಿಯೇ, ಆಹ್ವಾನಿಸಿದವರ ಹೆಸರು ಮೇಲೆಯೇ ಇರುತ್ತದೆ. ಸರ್ಕಾರಿ ಆದೇಶದ ಕೊನೆಯಲ್ಲಿ ಬರುವ ‘ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’ ಎಂಬಂಥ ನಿಗದಿತ ಮಾತುಗಳನ್ನು ಮುಟ್ಟಲೇಬಾರದು. ತಿದ್ದಬೇಕಾಗಿರುವುದು ಘಟನೆಯನ್ನು ಹೇಳುವ ವಾಕ್ಯಗಳನ್ನು ಮತ್ತು ಅಭಿಪ್ರಾಯದ ವಾಕ್ಯವನ್ನು.

ಇನ್ನು ವಾಕ್ಯದ ಊತ. ಕರ್ಮಣಿಯ ಜೊತೆಗೇ ಇನ್ನೊಂದು ಅಭ್ಯಾಸ ಇರುತ್ತದೆ, ಕ್ರಿಯಾಪದವನ್ನು ನಾಮಪದ ಮಾಡಿ ಅದಕ್ಕೆ ಬೇರೆ ಕ್ರಿಯಾಪದ ಕಟ್ಟುವುದು. ‘ಪರಿಶೀಲನೆಯನ್ನು ನಡೆಸಲಾಗಿರುತ್ತದೆ’ ಎಂಬುದು ‘ಪರಿಶೀಲಿಸಿದೆ’ ಎಂದಾಗಬಹುದು. ‘ಮರುಸಲ್ಲಿಕೆ ಮಾಡಲಾಗಿದ್ದು’ ಎಂಬುದು ‘ಮತ್ತೆ ಸಲ್ಲಿಸಿದ್ದಾರೆ’ ಆಯಿತು. ‘ಲಾಗಿದ್ದು, ಲಾಗಿದ್ದು’ ಎಂದು ಕೊಂಡಿ ಹಾಕುತ್ತಾ ಹೋಗುವ ಕಡೆಯೆಲ್ಲ ಪೂರ್ಣವಿರಾಮ ಹಾಕಿ. ಆಗ ‘ಸದರಿ’, ‘ಪ್ರಯುಕ್ತ’, ‘ತದನಂತರ’ ಹೆಚ್ಚಿನವು ತಾವಾಗಿಯೇ ಉದುರುತ್ತವೆ. ಉದ್ದ ವಾಕ್ಯದ ತುಂಡುಗಳನ್ನು ಜೋಡಿಸಲೆಂದೇ ಅವು ಬಂದಿರುತ್ತವೆ.

ಕಂಪ್ಯೂಟರಿನಲ್ಲಿ ಬರೆಯುವವರು ಸಲ್ಲಿಸುವ ಮೊದಲು ಯೂನಿಕೋಡ್ ಕರಡಿನಲ್ಲಿ ‘ಲಾಗಿ’, ‘ಲ್ಪಟ್’ ಮತ್ತು ‘ಲ್ಪಡ’ ಎಂದು ಹುಡುಕಿ ನೋಡಬಹುದು. ‘ಬದಲಾಗಿ’, ‘ಮೇಲಾಗಿ’ ಕೂಡ ಸಿಗುತ್ತವೆ, ಅವನ್ನು ಬಿಟ್ಟುಬಿಡಿ. ಉಳಿದ ಪ್ರತಿಯೊಂದರ ಮುಂದೆಯೂ ‘ಯಾರು, ಯಾವಾಗ’ ಕೇಳಿಕೊಳ್ಳಿ.

ಸರಳ ಮಾಡುವಾಗ ಅರ್ಥ ಬದಲಾಗುವ ಅಪಾಯ ಇರುವ ಒಂದು ಜಾಗವಿದೆ. ‘ಪರಿಗಣಿಸಬಹುದಾಗಿರುತ್ತದೆ’ ಎಂಬುದನ್ನು ತಿದ್ದಿದರೆ ‘ಪರಿಗಣಿಸಬಹುದು’ ಆಗಬೇಕು. ಎಷ್ಟೋ ಜನ ನೇರವಾಗಿ ಬರೆಯುವ ಉತ್ಸಾಹದಲ್ಲಿ ಅದನ್ನು ‘ಪರಿಗಣಿಸಬೇಕು’ ಮಾಡಿಬಿಡುತ್ತಾರೆ. ‘ಬಹುದು’ ಎಂದರೆ ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು, ‘ಬೇಕು’ ಎಂದರೆ ಕಡ್ಡಾಯ. ನಿಯಮಗಳ ಪಠ್ಯದಲ್ಲಿ ‘ತಕ್ಕದ್ದು’ ಎಂದು ಇದ್ದರೆ ಅದೂ ಕಡ್ಡಾಯವೇ. ನಿಯಮವನ್ನು ಉದ್ಧರಿಸುವಾಗ ಆ ಪದವನ್ನು ಹಾಗೆಯೇ ಉದ್ಧರಣ ಚಿಹ್ನೆಯೊಳಗೆ ಇಡಿ, ನಿಮ್ಮ ವಿವರಣೆಯ ವಾಕ್ಯದಲ್ಲಿ ‘ಬೇಕು’ ಎಂದು ಬರೆಯಿರಿ.