ಎಸ್‌ಒಎಸ್: ಔಷಧ ಚಾರ್ಟ್‌ನಲ್ಲಿ ಅದು ತುರ್ತು ಕರೆಯಲ್ಲ

ಮೊನ್ನೆ ನಮ್ಮ ಶಿರಸಿ ಕಡೆಯ ನೆಂಟರ ವಾಟ್ಸಾಪ್ ಗುಂಪಿಗೆ ಒಂದು ಫೋಟೊ ಬಂತು. ಜ್ವರಕ್ಕೆಂದು ಕಾರವಾರದಲ್ಲಿ ಆಸ್ಪತ್ರೆ ಸೇರಿದ್ದ ದೊಡ್ಡಪ್ಪನ ಔಷಧ ಚಾರ್ಟ್. ಅದರ ಕೆಳಗೆ ಒಂದೇ ಸಾಲು: ‘ಎಸ್‌ಒಎಸ್ ಬರೆದಿದ್ದಾರೆ, ಬೇಗ ಹೊರಡಿ.’ ಆ ಮಳೆಯಲ್ಲಿ, ಆ ಕತ್ತಲೆಯಲ್ಲಿ ನಾಲ್ಕು ಜನ ದೇವಿಮನೆ ಘಟ್ಟ ಇಳಿದು ಬಂದರು. ದೊಡ್ಡಪ್ಪ ಗಂಜಿ ಉಂಡು ಮಲಗಿದ್ದರು.

ಇಪ್ಪತ್ತು ವರ್ಷಕ್ಕೂ ಮಿಕ್ಕಿ ವಾರ್ಡ್‌ನಲ್ಲಿ ಸಿಸ್ಟರ್ ಆಗಿ ದುಡಿದ ನನಗೆ ಈ ಗೊಂದಲ ಹೊಸದಲ್ಲ. ಆದರೆ ಎಷ್ಟು ಸಲ ಎಂದು ಹೇಳುವುದು? ಔಷಧ ಚಾರ್ಟ್‌ನಲ್ಲಿ ಎಸ್‌ಒಎಸ್ ಎಂದರೆ ‘ತುರ್ತು’ ಅಲ್ಲ, ‘ಬೇಕಾದರೆ ಮಾತ್ರ’.

ನಮ್ಮ ಕರಾವಳಿಯವರಿಗೆ ಈ ಮೂರು ಅಕ್ಷರ ಮೊದಲು ನೆನಪಿಸುವುದು ಸಮುದ್ರವನ್ನೇ. ಅಪಾಯಕ್ಕೆ ಸಿಕ್ಕ ಹಡಗು ಕಳಿಸುತ್ತಿದ್ದ ಮೋರ್ಸ್ ಸಂಕೇತ ಅದು: ಮೂರು ಚುಕ್ಕೆ, ಮೂರು ಗೆರೆ, ಮತ್ತೆ ಮೂರು ಚುಕ್ಕೆ. 1906ರ ಬರ್ಲಿನ್ ರೇಡಿಯೊ ಸಮ್ಮೇಳನ ಅದನ್ನು ಅಂತಾರಾಷ್ಟ್ರೀಯ ಸಂಕೇತವಾಗಿ ಗೊತ್ತುಮಾಡಿತು. ಆ ಸಂಕೇತಕ್ಕೆ ಬಿಡಿಸಿ ಹೇಳುವ ಅರ್ಥವೇ ಇರಲಿಲ್ಲ. ಗದ್ದಲದಲ್ಲೂ ಕಿವಿಗೆ ಸ್ಪಷ್ಟವಾಗಿ ಬೀಳುವ ಲಯ ಎಂದು ಆರಿಸಿದ್ದು. ‘ನಮ್ಮ ಜೀವ ಉಳಿಸಿ’ ಎಂಬ ವಿಸ್ತಾರವನ್ನು ಜನ ಆಮೇಲೆ ಕಟ್ಟಿದರು.

ವೈದ್ಯರ ಎಸ್‌ಒಎಸ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಇದು ಲ್ಯಾಟಿನ್‌ನ ‘ಸಿ ಓಪುಸ್ ಸಿಟ್’. ‘ಸಿ’ ಎಂದರೆ ಒಂದು ವೇಳೆ, ‘ಓಪುಸ್ ಸಿಟ್’ ಎಂದರೆ ಅಗತ್ಯವಿದ್ದರೆ. ಒಂದು ಕರೆ ‘ಈಗಲೇ ಬನ್ನಿ’ ಎನ್ನುತ್ತದೆ, ಇನ್ನೊಂದು ‘ಕಾದು ನೋಡಿ, ಬೇಕಾದರೆ ಕೊಡಿ’ ಎನ್ನುತ್ತದೆ. ಅಕ್ಷರ ಅವೇ, ಅರ್ಥ ಮಾತ್ರ ತದ್ವಿರುದ್ಧ. ಪಿಆರ್‌ಎನ್ ಎಂದು ಬರೆಯುವವರೂ ಇದ್ದಾರೆ. ಅದು ‘ಪ್ರೋ ರೆ ನಾಟಾ’, ಸಂದರ್ಭ ಬಂದಂತೆ ಎಂದು. ಹಳೆಯ ಪಾಠದಲ್ಲಿ ಎಸ್‌ಒಎಸ್ ಎಂದರೆ ಬೇಕಾದರೆ ಒಂದು ಸಲ, ಪಿಆರ್‌ಎನ್ ಎಂದರೆ ಬೇಕಾದಾಗಲೆಲ್ಲ ಎಂಬ ಭೇದವಿತ್ತು. ಈಗ ನಮ್ಮ ವಾರ್ಡುಗಳಲ್ಲಿ ಎರಡನ್ನೂ ಒಂದೇ ಎಂಬಂತೆ ಬಳಸುತ್ತಾರೆ. ಆದ್ದರಿಂದಲೇ ‘ಎಷ್ಟು ಸಲ’ ಎಂಬುದನ್ನು ಬಿಡಿಸಿ ಬರೆಯಲೇಬೇಕು.

ನಿಜವಾದ ‘ಕೂಡಲೇ’ಗೆ ಬೇರೆ ಪದವಿದೆ: ಸ್ಟ್ಯಾಟ್. ಲ್ಯಾಟಿನ್‌ನ ‘ಸ್ಟಾಟಿಮ್’, ನಿಂತ ನಿಲುವಿನಲ್ಲೇ. ಚಾರ್ಟ್‌ನಲ್ಲಿ ಇದು ‘ಒಮ್ಮೆ ಮಾತ್ರ’ ಭಾಗಕ್ಕೆ ಸೇರುತ್ತದೆ. ಒಂದು ಸಲ ಕೊಟ್ಟು, ಸಮಯ ಬರೆದು, ಸಹಿ ಮಾಡಿದರೆ ಆ ಆದೇಶ ಮುಗಿಯಿತು. ದಿನಾ ಕೊಡುವ ಔಷಧಗಳಿಗೆ ಗಂಟೆಯ ಮನೆಗಳಿರುವ ಇನ್ನೊಂದು ಭಾಗವಿರುತ್ತದೆ. ಅಲ್ಲಿನ ಓಡಿ, ಬಿಡಿ, ಟಿಡಿಎಸ್ ಎಂದರೆ ದಿನಕ್ಕೆ ಒಂದು ಸಲ, ಎರಡು ಸಲ, ಮೂರು ಸಲ.

ಒಮ್ಮೆ ಮಾತ್ರ, ದಿನನಿತ್ಯ, ಬೇಕಾದರೆ: ಈ ಮೂರು ಭಾಗ ಬೇರೆ ಬೇರೆ ಇದ್ದರೂ ಔಷಧ ಸೇರುವುದು ಒಂದೇ ಮೈಗೆ. ವಾರ್ಡ್‌ನಲ್ಲಿ ಮೊದಲ ಡೋಸ್ ಕೊಡುವ ಮುಂಚೆ ಮೂರನ್ನೂ ಒಟ್ಟಿಗೆ ಓದದಿದ್ದರೆ ಎಡವಟ್ಟಾಗುವುದು ಇಲ್ಲೇ. ಹೊಸದಾಗಿ ಸೇರಿದ ಹುಡುಗಿಯರಿಗೆ ನಾನು ಹೇಳಿಕೊಡುತ್ತಿದ್ದ ಉದಾಹರಣೆಯನ್ನೇ ಇಲ್ಲಿ ಇಡುತ್ತೇನೆ.

ಅಂಕೋಲೆ ಕಡೆಯ ಒಬ್ಬರು, 58 ಕಿಲೋ ತೂಕ, ಗದ್ದೆ ಕೆಲಸದ ನಂತರ ಜ್ವರ. ಸಂಜೆ 6.45ಕ್ಕೆ ಕ್ಯಾಜುವಾಲ್ಟಿಯಲ್ಲಿ ಪ್ಯಾರಾಸಿಟಮಾಲ್ 1 ಗ್ರಾಂ ಡ್ರಿಪ್, ಸ್ಟ್ಯಾಟ್. ಎಂಟಕ್ಕೆ ವಾರ್ಡ್‌ಗೆ ಬಂದರು. ದಿನನಿತ್ಯದ ಭಾಗದಲ್ಲಿ 650 ಮಿಲಿಗ್ರಾಂ ಮಾತ್ರೆ, ದಿನಕ್ಕೆ ಮೂರು ಸಲ: ಬೆಳಿಗ್ಗೆ 6, ಮಧ್ಯಾಹ್ನ 2, ರಾತ್ರಿ 10. ಅದನ್ನು ಬರೆದದ್ದು ಮಾತ್ರೆಯ ಬ್ರಾಂಡ್ ಹೆಸರಿನಲ್ಲಿ. ಬೇಕಾದರೆ ಎಂಬ ಭಾಗದಲ್ಲಿ ‘ಪಿಸಿಎಂ 1 ಗ್ರಾಂ ಡ್ರಿಪ್, ಎಸ್‌ಒಎಸ್’. ಅಷ್ಟೇ. ಮೂರೂ ಪ್ಯಾರಾಸಿಟಮಾಲ್. ಹೆಸರು ಬೇರೆ ಬೇರೆ ಇರುವುದರಿಂದ ಮೂರು ಔಷಧಗಳಂತೆ ಕಾಣುತ್ತದೆ.

ರಾತ್ರಿ 9.15ಕ್ಕೆ ಜ್ವರ 101.6. ಮಗ ಬಂದು, ‘ಸಿಸ್ಟರ್, ಎಸ್‌ಒಎಸ್ ಅಂತ ಬರೆದಿದ್ದಾರಲ್ಲ, ಕೊಡಿ’ ಎನ್ನುತ್ತಾನೆ. ಅವನ ಅವಸರ ನನಗೆ ಅರ್ಥವಾಗುತ್ತದೆ. ಆದರೆ ಸ್ಟ್ಯಾಟ್ ಕೊಟ್ಟು ಎರಡೂವರೆ ಗಂಟೆಯಷ್ಟೇ ಆಗಿದೆ. ಎರಡು ಡೋಸ್‌ಗಳ ನಡುವೆ ಕನಿಷ್ಠ ನಾಲ್ಕು ಗಂಟೆ ಬೇಕು. ಹತ್ತರ ಮಾತ್ರೆಯೂ ಬೇಗವೇ ಆಯಿತು, ಆಗಲೂ ಸ್ಟ್ಯಾಟ್ ಕೊಟ್ಟು ಮೂರೂ ಕಾಲು ಗಂಟೆಯಷ್ಟೇ. ಅದನ್ನು ಕೊಡಬಹುದಾದದ್ದು 10.45ರ ಮೇಲೆ. ಇದು ತಿಳಿಯುವುದು ಕ್ಯಾಜುವಾಲ್ಟಿಯ ಹಾಳೆ ಕೈಗೆ ಬಂದಿದ್ದರೆ ಮಾತ್ರ. ಅದರಲ್ಲೂ ಓದಬೇಕಾದದ್ದು ಆದೇಶ ಬರೆದ ಸಮಯವನ್ನಲ್ಲ, ಡೋಸ್ ಕೊಟ್ಟ ಸಮಯವನ್ನು. ಸಹಿಯಿಲ್ಲದ ಸ್ಟ್ಯಾಟ್ ಕಂಡರೆ ‘ಕೊಟ್ಟಿರಬೇಕು’ ಎಂದುಕೊಳ್ಳುವುದೂ ತಪ್ಪು, ‘ಕೊಟ್ಟಿಲ್ಲ’ ಎಂದುಕೊಳ್ಳುವುದೂ ತಪ್ಪು. ಕ್ಯಾಜುವಾಲ್ಟಿಗೆ ಫೋನ್ ಮಾಡಿ ಕೇಳಬೇಕು.

ಇನ್ನು ಒಟ್ಟು ಲೆಕ್ಕ. ಈ ತೂಕದವರಿಗೆ 24 ಗಂಟೆಯಲ್ಲಿ 4 ಗ್ರಾಂ ಮೀರಬಾರದು. 50 ಕಿಲೋಗಿಂತ ಕಡಿಮೆ ಇರುವವರಿಗೆ ಮಿತಿ ಇನ್ನೂ ಕೆಳಗೆ, ತೂಕಕ್ಕೆ ತಕ್ಕಂತೆ. ಚಾರ್ಟ್‌ನ ತಲೆಯಲ್ಲಿ ತೂಕದ ಮನೆ ಇರುವುದೇ ಇಂಥದ್ದಕ್ಕೆ. ಸಂಜೆ 6.45ರಿಂದ ಎಣಿಸಿ: ಸ್ಟ್ಯಾಟ್ 1000, ಮೂರು ಮಾತ್ರೆ ಸೇರಿ 1950, ಒಟ್ಟು 2950. ಒಂದು ಎಸ್‌ಒಎಸ್ ಕೊಟ್ಟರೆ 3950. ಎರಡನೆಯದು ಕೊಟ್ಟರೆ 4950, ಮಿತಿ ದಾಟಿತು. ಬರೀ ‘ಎಸ್‌ಒಎಸ್’ ಎಂದು ಬರೆದ ಆ ಸಾಲು ಎರಡನೆಯದನ್ನು ತಡೆಯುವುದಿಲ್ಲ, ಮೂರನೆಯದನ್ನೂ ತಡೆಯುವುದಿಲ್ಲ.

ರೋಗಿಯ ಮುಖ ನೋಡಿದರೆ ಗೊತ್ತಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಗೊತ್ತಾಗುವುದಿಲ್ಲ. ಪ್ಯಾರಾಸಿಟಮಾಲ್ ಹೆಚ್ಚಾದರೆ ಪೆಟ್ಟು ಬೀಳುವುದು ಯಕೃತ್ತಿಗೆ, ಮೊದಲ ದಿನ ಬರೀ ಓಕರಿಕೆ ಇರಬಹುದು ಅಥವಾ ಏನೂ ಇರಲಿಕ್ಕಿಲ್ಲ. ನಮ್ಮ ಮಳೆಗಾಲದ ಇಲಿಜ್ವರ, ಡೆಂಗಿಗಳಲ್ಲಿ ಯಕೃತ್ತು ಮೊದಲೇ ಬಳಲಿರಬಹುದು. ಹೆಚ್ಚಾಗುತ್ತಿದೆ ಎಂದು ಸಮಯಕ್ಕೆ ಸರಿಯಾಗಿ ಹೇಳುವುದು ಚಾರ್ಟ್ ಒಂದೇ.

ಹಾಗಾದರೆ 9.15ಕ್ಕೆ ಏನು ಮಾಡುವುದು? ಎಸ್‌ಒಎಸ್ ಕೊಡುವುದಿಲ್ಲ. ಹೊದಿಕೆ ತೆಗೆದು, ಉಗುರುಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ ಮೈ ಒರೆಸಿ, ಡ್ಯೂಟಿ ಡಾಕ್ಟರಿಗೆ ಹೇಳುವುದು. ಹೇಳುವಾಗ ‘ಜ್ವರ ಬಂದಿದೆ’ ಎಂದಷ್ಟೇ ಅಲ್ಲ. ‘6.45ಕ್ಕೆ ಒಂದು ಗ್ರಾಂ ಹೋಗಿದೆ, ದಿನನಿತ್ಯದಲ್ಲೂ ಎಸ್‌ಒಎಸ್‌ನಲ್ಲೂ ಅದೇ ಔಷಧವಿದೆ, ಡಾಕ್ಟ್ರೇ, ಅಂತರವೂ ಮಿತಿಯೂ ಬರೆದಿಲ್ಲ’ ಎಂದು. ಇಂಥ ಸಂದರ್ಭದಲ್ಲಿ ಚಾರ್ಟ್ ತಿದ್ದುವುದು ಡಾಕ್ಟರ ಕೆಲಸ. ನಮ್ಮ ಉದಾಹರಣೆಯಲ್ಲಿ ಅವರು ಹತ್ತರ ಮನೆಗೆ ಗೆರೆ ಎಳೆದು ಮೊದಲ ಮಾತ್ರೆಯನ್ನು 11ಕ್ಕೆ ಬರೆದರು. ಎಸ್‌ಒಎಸ್ ಸಾಲು ಹೀಗಾಯಿತು: ‘ಪ್ಯಾರಾಸಿಟಮಾಲ್ 1 ಗ್ರಾಂ ಡ್ರಿಪ್, ಜ್ವರ 101 ಮೀರಿದರೆ, ಯಾವುದೇ ಪ್ಯಾರಾಸಿಟಮಾಲ್ ಕೊಟ್ಟು ಕನಿಷ್ಠ 4 ಗಂಟೆಯ ನಂತರ, 24 ಗಂಟೆಯಲ್ಲಿ ಒಂದೇ ಸಲ.’ ಯಾವುದಕ್ಕೆ, ಎಷ್ಟು, ಎಷ್ಟು ಬಿಟ್ಟು, ಹೆಚ್ಚೆಂದರೆ ಎಷ್ಟು ಸಲ: ಈ ನಾಲ್ಕೂ ಇದ್ದರೆ ಮಾತ್ರ ಅದನ್ನು ಎಸ್‌ಒಎಸ್ ಆದೇಶ ಎಂದು ನಾನು ಒಪ್ಪುತ್ತೇನೆ.

ಹನ್ನೊಂದಕ್ಕೆ ಮಾತ್ರೆ ಕೊಟ್ಟಾಯಿತು. ನಸುಕಿನ ಮೂರೂ ಕಾಲಿಗೆ ಮತ್ತೆ ಜ್ವರ 102. ಹನ್ನೊಂದರಿಂದ ನಾಲ್ಕು ಗಂಟೆ ದಾಟಿದೆ, ಈಗ ಎಸ್‌ಒಎಸ್ ಕೊಡಬಹುದು. ಆದರೆ ಕೊಟ್ಟರೆ ಆರರ ಮಾತ್ರೆಗೆ ಮೂರು ಗಂಟೆಯೂ ಉಳಿಯುವುದಿಲ್ಲ, ಅದನ್ನು 7.15ರ ಆಚೆಗೆ ತಳ್ಳಬೇಕು. ಹಾಗಾಗಿ ಡ್ರಿಪ್ ಏರಿಸುವ ಮೊದಲೇ ಡಾಕ್ಟರನ್ನು ಕೇಳಿ ಆ ಬದಲಾವಣೆ ಬರೆಸಿಕೊಳ್ಳಬೇಕು. ಬೆಳಗಿನ ಪಾಳಿಗೆ ಬರುವವಳು ನೋಡುವುದು ಆರರ ಖಾಲಿ ಮನೆಯನ್ನು. ಅದು ಏಕೆ ಖಾಲಿ ಎಂದು ಅಲ್ಲೇ ಬರೆದಿರಬೇಕು. ಎಸ್‌ಒಎಸ್ ಸಾಲಿನಲ್ಲಿ ಕೊಟ್ಟ ಸಮಯ, ಆಗಿನ ಜ್ವರ, ಗಂಟೆ ಬಿಟ್ಟು ನೋಡಿದ ಜ್ವರ, ಮೂರನ್ನೂ ಬರೆದು ಸಹಿ ಹಾಕಬೇಕು.