ಕೂದಲ ಬುಡದಲ್ಲಿ ಉಳಿದ ಹಳೆಯ ಸ್ನಾಯು

ತಣ್ಣೀರು ಬಿದ್ದ ಮುಂಗೈಯನ್ನು ಬೆಳಕಿಗೆ ಹಿಡಿದು ನೋಡಿದರೆ ಚರ್ಮದ ತುಂಬ ಸಣ್ಣ ಸಣ್ಣ ಗುಬುಟುಗಳು ಎದ್ದಿರುತ್ತವೆ. ಒಂದೊಂದು ಗುಬುಟಿನ ನೆತ್ತಿಯಲ್ಲೂ ಒಂದೊಂದು ರೋಮ. ಕೈಯ ರೋಮವನ್ನೆಲ್ಲ ಬೋಳಿಸಿದ್ದರೂ ಗುಬುಟುಗಳು ಏಳುವುದು ತಪ್ಪುವುದಿಲ್ಲ, ಏಕೆಂದರೆ ಅವನ್ನು ಎಬ್ಬಿಸುವ ಸ್ನಾಯು ಇರುವುದು ಚರ್ಮದ ಒಳಗೆ.

ನಮ್ಮ ರೋಮಗಳು ಚರ್ಮದಲ್ಲಿ ನೆಟ್ಟಗೆ ನಿಂತಿಲ್ಲ, ಓರೆಯಾಗಿ ನೆಟ್ಟಿವೆ. ರೋಮದ ಬೇರು ಕುಳಿತಿರುವ ರೋಮಕೂಪದ ಒಂದು ಪಕ್ಕದಿಂದ ಚರ್ಮದ ಮೇಲ್ಪದರದ ಕೆಳಗಿನವರೆಗೆ ಒಂದು ಪುಟ್ಟ ಸ್ನಾಯು ಓರೆಯಾಗಿ ಹಾದುಹೋಗುತ್ತದೆ. ಅಂಗರಚನಾ ಶಾಸ್ತ್ರದಲ್ಲಿ ಇದಕ್ಕೆ ಅರೆಕ್ಟರ್ ಪೈಲಿ ಎಂದು ಹೆಸರು. ಸ್ನಾಯು ಸಂಕುಚಿಸಿದಾಗ ಕೂಪದ ಬುಡವನ್ನು ಎಳೆಯುತ್ತದೆ, ಮಲಗಿದ್ದ ರೋಮ ಎದ್ದು ನಿಲ್ಲುತ್ತದೆ. ಸ್ನಾಯುವಿನ ಮೇಲ್ತುದಿ ಅಂಟಿಕೊಂಡಿರುವ ಕಡೆ ಚರ್ಮ ಸ್ವಲ್ಪ ಒಳಗೆ ಸರಿಯುತ್ತದೆ, ರೋಮದ ಸುತ್ತಲಿನ ಚರ್ಮ ಉಬ್ಬುತ್ತದೆ. ನಮ್ಮ ಕಣ್ಣಿಗೆ ಬೀಳುವುದು ಈ ಉಬ್ಬು ಮಾತ್ರ. ಅಂಗೈಯಲ್ಲಿ ರೋಮವೇ ಇಲ್ಲದ ಕಾರಣ ಅಲ್ಲಿ ಗುಬುಟು ಏಳುವುದಿಲ್ಲ. ರೆಪ್ಪೆಗೂದಲಿಗೆ ಈ ಸ್ನಾಯು ಇಲ್ಲ, ಹಾಗಾಗಿ ಎಷ್ಟೇ ಹೆದರಿದರೂ ರೆಪ್ಪೆಗಳು ನಿಮಿರುವುದಿಲ್ಲ.

ಇದು ತೋಳು ಮಡಿಸುವ ಸ್ನಾಯುವಿನ ಜಾತಿಯದಲ್ಲ, ಕರುಳು ಮತ್ತು ರಕ್ತನಾಳಗಳ ಗೋಡೆಯಲ್ಲಿರುವಂಥ ಸ್ನಾಯು. ನಮ್ಮ ಅಪ್ಪಣೆಗೆ ಕಾಯುವುದಿಲ್ಲ. ಚಳಿಯಾದಾಗ ಚರ್ಮದ ಶೀತಗ್ರಾಹಿ ನರತುದಿಗಳಿಂದ ಸುದ್ದಿ ಮಿದುಳಿನ ಹೈಪೋಥಲಾಮಸ್‌ಗೆ ಮುಟ್ಟುತ್ತದೆ. ಅಲ್ಲಿಂದ ಆದೇಶ ಬೆನ್ನುಹುರಿಯ ಮೂಲಕ ಸಿಂಪಥೆಟಿಕ್ ನರಗಳಿಗೆ ಇಳಿಯುತ್ತದೆ. ಈ ನರಗಳ ತುದಿ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕವನ್ನು ಸ್ನಾಯುವಿನ ಮೇಲೆ ಸುರಿಸಿದಾಗ ಅದು ಬಿಗಿಯುತ್ತದೆ. ಹೃದಯದ ಬಡಿತವನ್ನು ಏರಿಸುವುದೂ ಕಣ್ಣಿನ ಪಾಪೆಯನ್ನು ಹಿಗ್ಗಿಸುವುದೂ ಇದೇ ನರಮಂಡಲ. ಚಳಿಗೆ ಏಳುವ ರೋಮ ಭಯಕ್ಕೂ ಏಳುವುದು ಈ ಕಾರಣಕ್ಕೆ. ಕಾರಣಗಳು ಎರಡಾದರೂ ಆದೇಶ ಬರುವ ದಾರಿ ಒಂದೇ.

ದಟ್ಟ ತುಪ್ಪಳವಿದ್ದ ನಮ್ಮ ಪೂರ್ವಜರಿಗೆ ಈ ಏರ್ಪಾಡಿನಿಂದ ಸಿಗುತ್ತಿದ್ದ ಮೊದಲ ಲಾಭ ಬೆಚ್ಚನೆಯದು. ತುಪ್ಪಳದಲ್ಲಿ ಬಿಸಿಯನ್ನು ಹಿಡಿದಿಡುವ ಕೆಲಸ ಮಾಡುವುದು ಕೂದಲಿಗಿಂತ ಹೆಚ್ಚಾಗಿ ಕೂದಲ ನಡುವೆ ಸಿಕ್ಕಿಕೊಂಡ ಗಾಳಿ. ಅಲುಗಾಡದ ಗಾಳಿ ಬಿಸಿಯನ್ನು ಸಾಗಿಸುವುದರಲ್ಲಿ ಬಹಳ ಸೋಮಾರಿ. ನೀರಿಗೆ ಹೋಲಿಸಿದರೆ ಇಪ್ಪತ್ತು ಪಟ್ಟಿಗೂ ಹೆಚ್ಚು ನಿಧಾನ. ಮಲಗಿದ್ದ ಕೂದಲು ಎದ್ದು ನಿಂತರೆ ತುಪ್ಪಳದ ದಪ್ಪ ಹೆಚ್ಚುತ್ತದೆ, ಅದರೊಂದಿಗೆ ಗಾಳಿಯ ಪದರವೂ ದಪ್ಪವಾಗುತ್ತದೆ. ಒಂದೇ ಒಂದು ಕೂದಲನ್ನೂ ಹೊಸದಾಗಿ ಬೆಳೆಸದೆ ಕೆಲವೇ ಕ್ಷಣಗಳಲ್ಲಿ ಹೊದಿಕೆಯನ್ನು ದಪ್ಪಗೊಳಿಸುವ ಅಗ್ಗದ ಉಪಾಯವಿದು. ಚಳಿಯಲ್ಲಿ ಕುಳಿತ ಹಕ್ಕಿ ಗರಿಗಳನ್ನು ಉಬ್ಬಿಸಿಕೊಂಡು ಉಂಡೆಯಂತಾಗುವುದರ ಹಿಂದೆಯೂ ಇದೇ ಲೆಕ್ಕವಿದೆ. ಆದರೆ ಉಪಾಯಕ್ಕೆ ಮಿತಿಯೂ ಉಂಟು. ತುಪ್ಪಳ ನೆನೆದರೆ ಗಾಳಿಯ ಜಾಗಕ್ಕೆ ನೀರು ಬರುತ್ತದೆ, ಜೋರು ಗಾಳಿ ಬೀಸಿದರೆ ಒಳಗಿನ ಬೆಚ್ಚನೆಯ ಗಾಳಿ ಹಾರಿಹೋಗುತ್ತದೆ. ಆಗ ಕೂದಲು ನಿಂತರೂ ಪ್ರಯೋಜನ ಕಡಿಮೆ.

ಎರಡನೆಯ ಲಾಭ ಎದುರಾಳಿಯ ಕಣ್ಣಿಗೆ ದೊಡ್ಡದಾಗಿ ಕಾಣಿಸುವುದು. ನಾಯಿಯನ್ನು ಕಂಡ ಬೆಕ್ಕು ಬೆನ್ನು ಬಾಗಿಸಿ, ಬಾಲ ಉಬ್ಬಿಸಿ, ಅಡ್ಡಲಾಗಿ ನಿಲ್ಲುತ್ತದೆ. ಚಿಂಪಾಂಜಿ ಗಂಡುಗಳು ಅಬ್ಬರ ತೋರಿಸುವಾಗ ಭುಜದ ಮೇಲಿನ ಕೂದಲು ನಿಗುರುತ್ತದೆ. ಚಾರ್ಲ್ಸ್ ಡಾರ್ವಿನ್ ಈ ವಿಷಯದ ಬಗ್ಗೆ 1872ರಲ್ಲಿ ವಿಸ್ತಾರವಾಗಿ ಬರೆದ. ಬರೆಯುವುದಕ್ಕೆ ಮುಂಚೆ ಅವನು ಹೊಟ್ಟೆಗೆ ಹುಲ್ಲು ತುಂಬಿದಂಥ ಒಂದು ಸತ್ತ ಹಾವನ್ನು ಮೃಗಾಲಯದ ಕೋತಿಗಳ ಮನೆಗೆ ಒಯ್ದಿದ್ದ! ಹಲವು ಜಾತಿಯ ಕೋತಿಗಳ ಕೂದಲು ತಕ್ಷಣ ನಿಮಿರಿತು, ಅದರಲ್ಲೂ ಬಾಲದ ಕೂದಲು. ಅವನನ್ನು ಕಾಡಿದ ಪ್ರಶ್ನೆ ಇನ್ನೂ ಸ್ವಾರಸ್ಯದ್ದು. ಹಲ್ಲು ಕಿಸಿಯುವುದು, ಬೆನ್ನು ಬಾಗಿಸುವುದು ಇಚ್ಛೆಗೆ ಒಳಪಟ್ಟ ಚಲನೆಗಳು. ಇಚ್ಛೆಗೆ ಸಿಗದ ಈ ಪುಟ್ಟ ಸ್ನಾಯು ಅವುಗಳ ಜೊತೆ ಸೇರಿ ಬೆದರಿಕೆಯ ಭಾಗವಾದದ್ದು ಹೇಗೆ? ಮೊದಲು ಭಯವೋ ಕೋಪವೋ ನರಮಂಡಲವನ್ನು ಕಲಕಿದಾಗ ಕೂದಲು ತಾನಾಗಿ ಎದ್ದಿರಬೇಕು, ಆಮೇಲೆ ಅದರ ಉಪಯೋಗ ಸಿದ್ಧಿಸಿರಬೇಕು ಎಂಬುದು ಅವನ ಊಹೆಯ ದಿಕ್ಕು. ಚಳಿಯ ನರಮಾರ್ಗವೇ ಭಯದ ನರಮಾರ್ಗವೂ ಆಗಿರುವುದನ್ನು ನೋಡಿದರೆ ನನಗೆ ಆ ಊಹೆ ಇಂದಿಗೂ ಒಪ್ಪುವಂಥದ್ದೇ ಅನಿಸುತ್ತದೆ.

ಮನುಷ್ಯನಿಗೆ ಈಗ ಈ ಎರಡೂ ಲಾಭಗಳಿಲ್ಲ. ನಾವು ರೋಮಗಳನ್ನು ಕಳೆದುಕೊಂಡೆವು ಎನ್ನುವುದು ವಾಡಿಕೆ, ಆದರೆ ಅದು ಪೂರ್ತಿ ಸರಿಯಲ್ಲ. ನಮ್ಮ ಮೈಮೇಲೆ ಸುಮಾರು 50 ಲಕ್ಷ ರೋಮಕೂಪಗಳಿವೆ. ಲೆಕ್ಕದಲ್ಲಿ ನಮ್ಮಷ್ಟೇ ಗಾತ್ರದ ವಾನರನಿಗಿಂತ ನಾವು ಹೆಚ್ಚೇನೂ ಹಿಂದೆ ಬಿದ್ದಿಲ್ಲ. ಕಡಿಮೆಯಾದದ್ದು ರೋಮದ ಉದ್ದ ಮತ್ತು ದಪ್ಪ. ಕೆಲವೇ ಮಿಲಿಮೀಟರಿನ ನವಿರು ಎದ್ದು ನಿಂತರೆ ಹಿಡಿದಿಡಲು ಗಾಳಿಯೂ ಇಲ್ಲ, ಹೆದರಲು ಎದುರಾಳಿಯೂ ಇಲ್ಲ. ಹಾಗಾದರೆ ಸ್ನಾಯುಗಳು ಏಕೆ ಇನ್ನೂ ಉಳಿದಿವೆ? ಕೆಲಸವಿಲ್ಲದ ಪಳೆಯುಳಿಕೆ ಎಂಬ ಉತ್ತರವೇ ಬಹುಕಾಲ ಸಾಕಾಗಿತ್ತು.

2020ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಯಾ-ಚಿಯೆ ಶೂ ಮತ್ತು ತೈವಾನಿನ ಸುಂಗ್-ಜಾನ್ ಲಿನ್ ಅವರ ತಂಡಗಳು ಇಲಿಗಳ ಚರ್ಮವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಈ ಉತ್ತರ ಅಲುಗಾಡಿತು. ಸಿಂಪಥೆಟಿಕ್ ನರ ಸ್ನಾಯುವನ್ನು ಮುಟ್ಟಿ ಅಲ್ಲಿಗೇ ನಿಂತುಬಿಟ್ಟಿರಲಿಲ್ಲ. ಅದರ ತಂತುಗಳು ರೋಮಕೂಪದ ಕಾಂಡಕೋಶಗಳನ್ನೂ, ಅಂದರೆ ಹೊಸ ಕೂದಲನ್ನು ಹುಟ್ಟಿಸುವ ಕೋಶಗಳನ್ನೂ ರಿಬ್ಬನ್ನಿನಂತೆ ಸುತ್ತಿಕೊಂಡಿದ್ದವು. ಅಲ್ಲಿಯೂ ಅವು ಬಿಡುವುದು ನಾರ್‌ಅಡ್ರಿನಲಿನ್ನನ್ನೇ. ಸಾಮಾನ್ಯ ದಿನಗಳಲ್ಲಿ ಸ್ವಲ್ಪ ಸ್ವಲ್ಪವೇ ಬರುವ ಈ ರಾಸಾಯನಿಕ ಕಾಂಡಕೋಶಗಳನ್ನು ಗಾಢ ನಿದ್ದೆಗೆ ಜಾರದಂತೆ ತಡೆಯುತ್ತದೆ. ನರವನ್ನು ತೆಗೆದ ಇಲಿಗಳಲ್ಲಿ ಹೊಸ ಕೂದಲು ಬರುವುದು ತಡವಾಯಿತು. ಇಲಿಗಳನ್ನು ಬಹಳ ಹೊತ್ತು ಚಳಿಯಲ್ಲಿ ಇಟ್ಟಾಗ ನರದ ಚಟುವಟಿಕೆ ಏರಿ, ಕಾಂಡಕೋಶಗಳು ಎಚ್ಚೆತ್ತು, ಹೊಸ ಕೂದಲು ಬೆಳೆಯಲು ಶುರುವಾಯಿತು.

ಇಲ್ಲಿ ಸ್ನಾಯುವಿನ ಪಾತ್ರವೇನು? ಸಂಶೋಧಕರು ಸ್ನಾಯುವನ್ನು ಮಾತ್ರ ಇಲ್ಲವಾಗಿಸಿ ನೋಡಿದರು. ಆಗ ನರ ಹಿಂದೆ ಸರಿದುಕೊಂಡಿತು, ಕಾಂಡಕೋಶಗಳೊಂದಿಗೆ ಅದರ ಸಂಪರ್ಕ ಕಡಿದುಹೋಯಿತು. ನರಕ್ಕೆ ಆಸರೆಯಾಗಿ ನಿಂತು ಕೋಶಗಳ ಬಳಿ ಅದನ್ನು ಹಿಡಿದಿಡುವುದು ಸ್ನಾಯುವೇ. ಬೆಳವಣಿಗೆಯ ಹಂತದಲ್ಲಿ ಸ್ನಾಯು ರೂಪುಗೊಳ್ಳಲು ಸಂಕೇತ ಕಳಿಸುವುದು ಎಳೆಯ ರೋಮಕೂಪ ಎಂಬುದೂ ಅದೇ ಅಧ್ಯಯನದಲ್ಲಿ ಕಂಡುಬಂತು. ಹೀಗೆ ನೋಡಿದರೆ ಒಂದೇ ಚಳಿಗೆ ದೇಹ ಎರಡು ಬಗೆಯಲ್ಲಿ ಸ್ಪಂದಿಸುತ್ತದೆ. ಚಳಿ ಕ್ಷಣಿಕವಾದರೆ ಇರುವ ಕೂದಲನ್ನು ನಿಲ್ಲಿಸುತ್ತದೆ, ಮುಂದುವರಿದರೆ ಹೊಸ ಕೂದಲನ್ನು ಬೆಳೆಸುತ್ತದೆ. ನರದ ಈ ಚಟುವಟಿಕೆ ಅತಿಯಾದರೆ ಕೆಡುಕೂ ಆಗುತ್ತದೆ: ತೀವ್ರ ಒತ್ತಡಕ್ಕೆ ಸಿಕ್ಕ ಇಲಿಗಳಲ್ಲಿ ನಾರ್‌ಅಡ್ರಿನಲಿನ್ ಬಣ್ಣ ತಯಾರಿಸುವ ಕಾಂಡಕೋಶಗಳನ್ನು ಬರಿದುಮಾಡಿ ತುಪ್ಪಳವನ್ನು ನರೆಸುತ್ತದೆ ಎಂದು ಶೂ ಅವರ ತಂಡವೇ ಅದೇ ವರ್ಷ ತೋರಿಸಿತ್ತು.

ಇವೆಲ್ಲ ಇಲಿಯ ಚರ್ಮದ ಸಂಗತಿಗಳು. ಚಳಿಯಲ್ಲಿ ನಿಂತರೆ ತಲೆಯ ಮೇಲೆ ಕೂದಲು ಬೆಳೆಯುತ್ತದೆ ಎಂದು ಯಾರೂ ಇದರಿಂದ ತೀರ್ಮಾನಿಸಬಾರದು. ಮನುಷ್ಯನ ಕೂದಲು ಬೆಳೆಯುವ ಚಕ್ರ ಇಲಿಯದಕ್ಕಿಂತ ಬೇರೆ ರೀತಿಯದು. ಆದರೂ ಚರ್ಮತಜ್ಞರು ಕಂಡಿರುವ ಒಂದು ವಿವರವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಗಂಡಸರಲ್ಲಿ ವಂಶಪಾರಂಪರ್ಯವಾಗಿ ಬರುವ ಬೋಳುತಲೆಯಲ್ಲಿ ಕುಗ್ಗಿದ ರೋಮಕೂಪಗಳಿಂದ ಈ ಸ್ನಾಯು ಕಳಚಿಕೊಂಡಿರುತ್ತದೆ, ಆ ಜಾಗವನ್ನು ಕೊಬ್ಬು ತುಂಬಿರುತ್ತದೆ. ಕೂದಲು ಉದುರಿದರೂ ಮರಳಿ ಬರಬಲ್ಲ ಅಲೊಪೇಶಿಯಾ ಏರಿಯೇಟಾ ಕಾಯಿಲೆಯಲ್ಲಿ ಸ್ನಾಯು ಕೂಪಕ್ಕೆ ಅಂಟಿಕೊಂಡೇ ಇರುತ್ತದೆ.