‘ಮಿಡ್-ಇಯರ್’ ಅಂದ್ರೆ ಆರು ತಿಂಗಳ ಬಡ್ಡಿ ಅಲ್ಲ

ಶಿವಮೊಗ್ಗದ ಒಂದು ಮಳಿಗೆ ಕಟ್ಟಡದ ಪ್ರಾಜೆಕ್ಟ್ ರಿಪೋರ್ಟ್ ಮೊನ್ನೆ ಕೈಗೆ ಬಂತು. ಮುಂದೆ ಬರುವ ಹಣಕ್ಕೆ ಇವತ್ತಿನ ಬೆಲೆ ಕಟ್ಟುವಾಗ ‘ಮಿಡ್-ಇಯರ್ ಡಿಸ್ಕೌಂಟಿಂಗ್ ಮಾಡಿದೆ’ ಅಂತ ಬರೆದು, ಶೇ. 12ರ ದರವನ್ನು ಆರಾರು ತಿಂಗಳಿಗೆ ಶೇ. 6 ಅಂತ ಒಡೆದಿದ್ದರು. ಇದನ್ನು ಎಷ್ಟು ಸಲ ನೋಡಿದೆನೋ. ಹಾಗೆ ಒಡೆದರೆ ವರ್ಷದ ದರವೇ ಶೇ. 12.36 ಆಗುತ್ತದೆ. ಮಿಡ್-ಇಯರ್‌ನಲ್ಲಿ ದರವನ್ನು ಮುಟ್ಟುವುದೇ ಇಲ್ಲ. ಹಣ ಬಂದ ದಿನ ಯಾವುದು ಅಂತ ಹಿಡಿಯುತ್ತೇವೆ ಅನ್ನುವುದಷ್ಟೇ ಬದಲಾಗುವುದು.

ಆ ಕಟ್ಟಡಕ್ಕೆ ತಿಂಗಳಿಗೆ 1 ಲಕ್ಷ ಬಾಡಿಗೆ ಅಂತಿಟ್ಟುಕೊಳ್ಳಿ. ವರ್ಷಾಂತ್ಯದ ಲೆಕ್ಕದಲ್ಲಿ ವರ್ಷದ 12 ಲಕ್ಷವೂ ಕೊನೇ ದಿನ ಒಟ್ಟಿಗೆ ಬಂದ ಹಾಗೆ. ಮೂರು ವರ್ಷದ ಬಾಡಿಗೆಯ ಇವತ್ತಿನ ಬೆಲೆ 28.82 ಲಕ್ಷ. ಆದರೆ ಮೊದಲ ತಿಂಗಳ ಬಾಡಿಗೆ ಹನ್ನೊಂದು ತಿಂಗಳು ಮೊದಲೇ ಕೈಗೆ ಬಂದಿರುತ್ತದೆ, ಅಲ್ವಾ? ಸರಾಸರಿ ನೋಡಿದರೆ ದುಡ್ಡು ವರ್ಷದ ನಡುವೆ ಬಂದ ಹಾಗೆ. ಅದಕ್ಕೇ 1, 2, 3ರ ಬದಲು 0.5, 1.5, 2.5 ವರ್ಷ ಹಿಡಿಯುತ್ತೇವೆ. ಆಗ ಬೆಲೆ 30.50 ಲಕ್ಷ. ಎಕ್ಸೆಲ್‌ನ NPV ವರ್ಷಾಂತ್ಯವನ್ನೇ ಹಿಡಿಯುತ್ತದೆ, ಹಾಗಾಗಿ ಬಂದ ಉತ್ತರವನ್ನು ಅರ್ಧ ವರ್ಷ ಮುಂದೆ ತರಬೇಕು. ಮೂರು ವರ್ಷದ ಬಾಡಿಗೆ B2ರಿಂದ D2ವರೆಗೆ ಇದ್ದರೆ:

```
=NPV(12%,B2:D2)*(1+12%)^0.5
```

ನಂಬಿಕೆ ಬಾರದಿದ್ದರೆ 36 ತಿಂಗಳನ್ನೂ ಬಿಡಿಬಿಡಿಯಾಗಿ ಲೆಕ್ಕ ಹಾಕಿ. ಬಾಡಿಗೆ ತಿಂಗಳ ಕೊನೆಗೆ ಬಂದರೆ 30.37, ಮೊದಲೇ ಬಂದರೆ 30.66. ಮಿಡ್-ಇಯರ್ ಉತ್ತರ ಇವೆರಡರ ನಡುವೆ ಕೂತಿದೆ.

ಜಾಸ್ತಿ ದುಡ್ಡು ತಪ್ಪಿಹೋಗುವುದು ಇನ್ನೊಂದು ಕಡೆ. ಮೂರನೇ ವರ್ಷದ ಕೊನೇ ದಿನ ಕಟ್ಟಡವನ್ನು 80 ಲಕ್ಷಕ್ಕೆ ಮಾರುವ ಯೋಜನೆ ಇದೆ. ರಿಪೋರ್ಟ್ ಬರೆಯುವವರು ಸುಮ್ನೆ ಅದಕ್ಕೂ 2.5 ವರ್ಷ ಹಾಕಿಬಿಡುತ್ತಾರೆ, 60.26 ಲಕ್ಷ ಬರುತ್ತದೆ. ಮಾರಾಟದ ಹಣ ವರ್ಷವಿಡೀ ಹಂಚಿ ಬರುವುದಿಲ್ಲ, ಒಂದೇ ದಿನ ಬರುತ್ತದೆ. ಪೂರ್ತಿ 3 ವರ್ಷ ಹಾಕಿದರೆ 56.94. ಮೂರೂಕಾಲು ಲಕ್ಷಕ್ಕೂ ಮೇಲೆ ಸುಳ್ಳು ಬೆಲೆ! ಮಾರದೆ, ಮುಂದೆ ಶಾಶ್ವತವಾಗಿ ಬರುವ ಬಾಡಿಗೆಯಿಂದ ಕೊನೇ ಬೆಲೆ ಕಟ್ಟುವುದಾದರೆ ಮಾತು ಬೇರೆ. ಆ ಬಾಡಿಗೆಯೂ ವರ್ಷದುದ್ದಕ್ಕೂ ಬರುವುದರಿಂದ ಅಲ್ಲಿ 2.5 ಸರಿ.

ಇದೇ ಸೂತ್ರವನ್ನು ಅಡಿಕೆ ತೋಟಕ್ಕೂ ಅಂಟಿಸುತ್ತಾರೆ. ತೋಟದ ದುಡ್ಡು ತಿಂಗಳ ಬಾಡಿಗೆಯಂತೆ ಬರುತ್ತದೆಯೇ? ಕೊಯ್ಲಾಗಿ, ಬೇಯಿಸಿ, ಒಣಗಿಸಿ, ಮಂಡಿಗೆ ಹೋದ ಮೇಲೆ ಬರುತ್ತದೆ. ಅಲ್ಲಿ ಮೊದಲು ಇವತ್ತಿನ ತಾರೀಕಿಗೆ 0 ಹಾಕಿ, ಆಮೇಲೆ ಮಾರುವ ತಾರೀಕುಗಳನ್ನೇ ಬರೆದು, ತಾರೀಕು ನೋಡಿ ಲೆಕ್ಕ ಹಾಕುವ ಎಕ್ಸೆಲ್‌ನ XNPV ಹಾಕಿ.